ಸಾಲ ಕೊಟ್ಟ ಮಾರನೇ ದಿನದ ಲೆಕ್ಕ

ಹೊಸ ಮಷಿನ್‌ಗಾಗಿ ಬ್ಯಾಂಕಿಗೆ ಹಾಕಿದ ಮೊದಲ ಸಾಲದ ಅರ್ಜಿ ವಾಪಸ್ ಬಂದಾಗ ನನಗೆ ಕಾರಣವೇ ತಿಳಿಯಲಿಲ್ಲ. ಸಾಲ ಕೊಡುವವರು ನೋಡುವ ಎರಡು ಅನುಪಾತಗಳನ್ನು ನಾನೇ ಹಾಕಿ ನೋಡಿದ್ದೆ, ಎರಡೂ ಚೆನ್ನಾಗಿದ್ದವು. ಸ್ವಂತ ಬಂಡವಾಳ ಮತ್ತು ಉಳಿಸಿದ ಲಾಭ ಸೇರಿ 50 ಲಕ್ಷ. ಟರ್ಮ್ ಲೋನ್ 30, ಓವರ್‌ಡ್ರಾಫ್ಟ್ 20, ಅಂದರೆ ಸಾಲವೂ 50 ಲಕ್ಷ. ಸಾಲವನ್ನು ಬಂಡವಾಳದಿಂದ ಭಾಗಿಸಿದರೆ ಬರುವ ಡೆಟ್ ಈಕ್ವಿಟಿ ರೇಷಿಯೊ 1. ಬಡ್ಡಿ ಮತ್ತು ತೆರಿಗೆ ಕಳೆಯುವ ಮುಂಚಿನ ಲಾಭ 24 ಲಕ್ಷ, ವರ್ಷದ ಬಡ್ಡಿ 6 ಲಕ್ಷ. ಲಾಭ ಬಡ್ಡಿಯ ಎಷ್ಟು ಪಟ್ಟು ಅನ್ನುವ ಬಡ್ಡಿ ಕವರೇಜ್ 4. ಇದಕ್ಕಿಂತ ಇನ್ನೇನು ಬೇಕು ಅಂದುಕೊಂಡಿದ್ದೆ.

ಅರ್ಜಿ ನೋಡಿದ ಅಧಿಕಾರಿ ಕೂರಿಸಿಕೊಂಡು ವಿವರಿಸಿದರು. "ಸಾರ್, ನೀವು ಬರೆದಿರುವುದು ಈಗಿನ ಸ್ಥಿತಿ. ನಾವು ಸಾಲ ಕೊಟ್ಟ ಮಾರನೇ ದಿನ ನಿಮ್ಮ ಬ್ಯಾಲೆನ್ಸ್ ಶೀಟ್ ಹೇಗಿರುತ್ತದೆ ಅಂತ ನೋಡುತ್ತೇವೆ."

ಮನೆಗೆ ಬಂದು ಹಾಗೇ ಲೆಕ್ಕ ಹಾಕಿದೆ. ಮಷಿನ್ ಬೆಲೆ 50 ಲಕ್ಷ, ಕೇಳಿದ ಸಾಲ 40. ಅಣ್ಣ ಕೊಟ್ಟ 15 ಲಕ್ಷದ ಕೈಸಾಲಕ್ಕೆ ಬಡ್ಡಿ ಇರಲಿಲ್ಲ, ಹಾಗಾಗಿ ನಾನು ಅದನ್ನು ಸಾಲ ಅಂತ ಎಣಿಸಿಯೇ ಇರಲಿಲ್ಲ. ಆದರೆ ಅಣ್ಣ ನಾಳೆ ವಾಪಸ್ ಕೇಳಬಹುದು, ಅಲ್ವಾ? ಸಾಲ ಕೊಡುವವರ ಕಣ್ಣಲ್ಲಿ ಅದೂ ಸಾಲವೇ. ಹಳೇ 50 ಸೇರಿ ಒಟ್ಟು 105 ಲಕ್ಷ ಆಯಿತು. ಇನ್ನೊಂದು ಕಡೆ ನನ್ನ ಬಂಡವಾಳ ಕರಗಿತ್ತು. ನಾನು ಪಾಲುದಾರನಾಗಿರುವ ಬೇರೊಂದು ವ್ಯಾಪಾರಕ್ಕೆ 8 ಲಕ್ಷ ಕೊಟ್ಟಿದ್ದೆ, ಅದು ಆಸ್ತಿ ಕಡೆ ಸುಮ್ನೆ ಕೂತಿತ್ತು. ಮಾರಿದರೆ ಏನೂ ಸಿಗದ ಪ್ರಾರಂಭಿಕ ಖರ್ಚು 2 ಲಕ್ಷ ಇತ್ತು. ಎರಡನ್ನೂ ಕಳೆದರೆ ಉಳಿಯುವುದು 40. ಅನುಪಾತ 1 ಅಲ್ಲ, 2.6.

ಬಡ್ಡಿ ಕವರೇಜ್ ಇನ್ನೂ ಜೋರಾಗಿ ಬಿದ್ದಿತ್ತು. 24 ಲಕ್ಷದಲ್ಲಿ 4 ಲಕ್ಷ ಹಳೇ ವಾಹನ ಮಾರಿದ ಲಾಭ, ಅದು ಪ್ರತಿ ವರ್ಷ ಬರುವುದಿಲ್ಲ. ಉಳಿದದ್ದು 20. ಹೊಸ ಮಷಿನ್ ಸವಕಳಿ, ಅಂದರೆ ಸವೆದು ಇಳಿಯುವ ಬೆಲೆ, ವರ್ಷಕ್ಕೆ 5 ಲಕ್ಷ, ಅದನ್ನೂ ಕಳೆದರೆ 15. ಹೊಸ ಸಾಲಕ್ಕೆ ಶೇ 12ರಂತೆ 4.8 ಲಕ್ಷ ಬಡ್ಡಿ, ಹಳೆಯದರ ಜೊತೆ 10.8. ಭಾಗಿಸಿದರೆ 1.4 ಮಾತ್ರ. ಕೆಲವರು ಸವಕಳಿ ಕಳೆಯುವ ಮುಂಚಿನ ಲಾಭ ಹಿಡಿಯುತ್ತಾರೆ, ಆಗ ಕನಿಷ್ಠ 1.85 ಬರುತ್ತದೆ. ಅದಕ್ಕೇ ಯಾವ ರೀತಿ ಹಾಕುತ್ತೀರಿ ಅಂತ ಮೊದಲೇ ಕೇಳಿಬಿಡುವುದು ಒಳ್ಳೆಯದು. ಎಷ್ಟಿದ್ದರೆ ಸಾಕು ಅನ್ನುವುದಕ್ಕೆ ಎಲ್ಲ ಉದ್ಯಮಕ್ಕೂ ಒಂದೇ ಅಳತೆ ಇಲ್ಲ. ಆದರೆ ಕವರೇಜ್ 2ರ ಕೆಳಗಿದ್ದಾಗ ನನಗೆ ಬಂದ ಪ್ರಶ್ನೆಗಳೇ ಬೇರೆ ಥರ ಇದ್ದವು.

ಮತ್ತೆ ಅರ್ಜಿ ಹಾಕುವ ಮುಂಚೆ ಮೂರು ತಿಂಗಳು ತೆಗೆದುಕೊಂಡೆ. ಬೇರೆ ವ್ಯಾಪಾರದಲ್ಲಿದ್ದ 8 ಲಕ್ಷ ವಾಪಸ್ ತರಿಸಿ ಮಷಿನ್‌ಗೇ ಹಾಕಿದೆ, ಕೇಳುವ ಸಾಲ 32ಕ್ಕೆ ಇಳಿಯಿತು. ಬ್ಯಾಂಕ್ ಸಾಲ ತೀರುವವರೆಗೆ ತನ್ನ ಹಣ ಕೇಳುವುದಿಲ್ಲ ಅಂತ ಅಣ್ಣ ಬರೆದುಕೊಟ್ಟ. ಆ ಪತ್ರವನ್ನು ಒಪ್ಪಿ ಬ್ಯಾಂಕಿನವರು 15 ಲಕ್ಷವನ್ನು ಬಂಡವಾಳದ ಜೊತೆ ಸೇರಿಸಿದರು. ಎಲ್ಲರೂ ಒಪ್ಪಲೇಬೇಕು ಅಂತಿಲ್ಲ, ಮೊದಲೇ ವಿಚಾರಿಸಿ. ಈಗ ಸಾಲ 82, ಬಂಡವಾಳ 63, ಅನುಪಾತ 1.3.

ಕವರೇಜ್ ಮಾತ್ರ ಇಷ್ಟಕ್ಕೆ ಸರಿಹೋಗಲಿಲ್ಲ. ಬಡ್ಡಿ 9.84 ಲಕ್ಷಕ್ಕೆ ಇಳಿದರೂ 15 ಲಕ್ಷದ ಲಾಭಕ್ಕೆ ಸುಮಾರು 1.5. ಬಡ್ಡಿ ಮೊದಲ ತಿಂಗಳೇ ಶುರುವಾಗುತ್ತದೆ, ಮಷಿನ್‌ನ ದುಡಿಮೆ ನಿಧಾನಕ್ಕೆ ಬರುತ್ತದೆ. ಹಾಗಾಗಿ ಕೈಯಲ್ಲಿದ್ದ ಲಿಖಿತ ಆರ್ಡರ್‌ಗಳಷ್ಟನ್ನೇ ಲೆಕ್ಕಕ್ಕೆ ಹಿಡಿದೆ. ಅವುಗಳಿಂದ ಖರ್ಚು ಕಳೆದು 6 ಲಕ್ಷ ಸೇರುತ್ತಿತ್ತು, ಲಾಭ 21, ಕವರೇಜ್ 2.1. ಲಾಭ ಐದನೇ ಒಂದು ಭಾಗ ಕುಸಿದರೂ 1.7 ಉಳಿಯುತ್ತದೆ ಅಂತ ಅದೇ ಹಾಳೆಯಲ್ಲಿ ಬರೆದೆ. "ಮಾರಾಟ ದುಪ್ಪಟ್ಟಾಗುತ್ತದೆ" ಅಂತ ಮೊದಲ ಅರ್ಜಿಯಲ್ಲಿ ಬರೆದಿದ್ದ ಸಾಲನ್ನು ತೆಗೆದುಹಾಕಿದೆ.

ಎರಡನೇ ಭೇಟಿಯಲ್ಲಿ ಈ ಎರಡು ಅನುಪಾತಗಳ ಬಗ್ಗೆ ಮಾತು ಬೇಗ ಮುಗಿಯಿತು. ನಂತರದ ಪ್ರಶ್ನೆ ಅಸಲಿನದು. ಐದು ವರ್ಷದ ಕಂತಿನಲ್ಲಿ ವರ್ಷಕ್ಕೆ 6.4 ಲಕ್ಷ ಅಸಲು ಕಟ್ಟಬೇಕು, ಬಡ್ಡಿ ಕವರೇಜ್ ಅದನ್ನು ನೋಡುವುದೇ ಇಲ್ಲ. ಹಳೇ ಟರ್ಮ್ ಲೋನ್ ಕಂತೂ ಸೇರಿಸಿ, ತಿಂಗಳಿಗೆ ಕೈಗೆ ಬರುವ ಹಣದ ಪಟ್ಟಿ ಕೊಡಿ ಅಂದರು. ಅದನ್ನು ಮಾಡಿಕೊಟ್ಟ ಮೇಲೆಯೇ 32 ಲಕ್ಷ ಮಂಜೂರಾಯಿತು.