ಅಂಗಡಿಯ ಸ್ಟಾಕ್ ಎಷ್ಟು ದಿನಕ್ಕೆ ಬರುತ್ತದೆ? ಲೆಕ್ಕ ಹಾಕುವುದು ಹೀಗೆ

ಒಂದು ಮೆಡಿಕಲ್ ಶಾಪ್ ಇದೆ ಎಂದುಕೊಳ್ಳಿ. ವರ್ಷದ ಮಾರಾಟ 60 ಲಕ್ಷ ರೂಪಾಯಿ. ಮಾರಿದ ಔಷಧಿಗಳ ಅಸಲು 48 ಲಕ್ಷ. ಅಂಗಡಿಯಲ್ಲಿ ಸರಾಸರಿ ಇರುವ ಸ್ಟಾಕ್, ಅಸಲು ಬೆಲೆಯಲ್ಲಿ, 8 ಲಕ್ಷ.

ಮೊದಲು 48ನ್ನು 8ರಿಂದ ಭಾಗಿಸಿ. 6 ಬಂತು. ಅಂದರೆ ಸ್ಟಾಕ್ ವರ್ಷಕ್ಕೆ ಆರು ಸಲ ತಿರುಗಿದೆ. ಇದೇ ಸ್ಟಾಕ್ ಟರ್ನೋವರ್. ಈಗ 365ನ್ನು 6ರಿಂದ ಭಾಗಿಸಿದರೆ ಸುಮಾರು 61. ಇರುವ ಸರಕು ಅಷ್ಟು ದಿನಕ್ಕೆ ಬರುತ್ತದೆ.

ತುಂಬಾ ಜನ ಎಡವುವುದು ಇಲ್ಲೇ. ಅಸಲಿನ ಬದಲು ಮಾರಾಟದ 60 ಲಕ್ಷ ಹಿಡಿದರೆ 49 ದಿನ ಎಂದು ಬರುತ್ತದೆ. ಅದರಲ್ಲಿ ಲಾಭವೂ ಸೇರಿರುವುದರಿಂದ ಸರಕು ನಿಜಕ್ಕಿಂತ ಬೇಗ ಹೋಗುತ್ತಿದೆ ಅನಿಸುತ್ತದೆ. ಸ್ಟಾಕನ್ನೂ ಮಾರ್ಚ್ 31ರ ಒಂದೇ ದಿನ ಎಣಿಸಬೇಡಿ. ಹನ್ನೆರಡು ತಿಂಗಳ ಕೊನೆಯ ಸ್ಟಾಕ್ ಕೂಡಿಸಿ ಸರಾಸರಿ ತೆಗೆಯಿರಿ.

ಈ 61 ದಿನ ಒಳ್ಳೆಯದೋ ಕೆಟ್ಟದ್ದೋ? ಸರಕನ್ನು ಎರಡು ಭಾಗ ಮಾಡಿ ನೋಡಿ. ಬಿಪಿ, ಶುಗರ್ ಮಾತ್ರೆಗಳಂಥ ಓಡುವ ಸರಕು 3 ಲಕ್ಷದ್ದು, ವರ್ಷಕ್ಕೆ ಅಸಲು 36 ಲಕ್ಷ. ಅದು 30 ದಿನಕ್ಕೆ ಬರುತ್ತದೆ. ಉಳಿದ 5 ಲಕ್ಷದ ಸ್ಟಾಕಿನಿಂದ ಹೋಗುವುದು 12 ಲಕ್ಷದ್ದು ಮಾತ್ರ. ಅದು 152 ದಿನ, ಹೆಚ್ಚುಕಡಿಮೆ ಐದು ತಿಂಗಳು! ಹಾಗಂತ ಅದನ್ನೆಲ್ಲ ತೆಗೆದುಹಾಕುವಂತಿಲ್ಲ. ಅಪರೂಪಕ್ಕೆ ಬೇಕಾಗುವ ಔಷಧಿಯೂ ಬೇಕಾದಾಗ ಸಿಗಲೇಬೇಕು ಅಲ್ವಾ? ಆದರೆ ಈ ಭಾಗದಲ್ಲಿ ಎಕ್ಸ್‌ಪೈರಿಗೆ ಆರು ತಿಂಗಳೂ ಉಳಿಯದ ಪೆಟ್ಟಿಗೆಗಳನ್ನು ಇವತ್ತೇ ಬೇರೆ ಇಡಿ. ಡಿಸ್ಟ್ರಿಬ್ಯೂಟರ್ ವಾಪಸ್ ಪಡೆಯುವ ಗಡುವು ಎಷ್ಟು ಎಂದು ಕೇಳಿಕೊಳ್ಳಿ.

ದಿನಸಿ ಅಂಗಡಿಗೆ 61 ದಿನ ಜಾಸ್ತಿಯಾಯಿತು. ಅಲ್ಲಿ ಹಾಲು ಮೊಸರು ದಿನದ ಲೆಕ್ಕ, ಅಕ್ಕಿ ಬೇಳೆ ವಾರಗಳ ಲೆಕ್ಕ. ಲಾಭ ತೆಳು, ಹೋಲ್‌ಸೇಲ್ ಹತ್ತಿರದಲ್ಲೇ ಇರುತ್ತದೆ. ಹಾಗಾಗಿ ಹಾಕಿದ ದುಡ್ಡು ಬೇಗ ಬೇಗ ತಿರುಗಿದರೆ ಮಾತ್ರ ಅಂಗಡಿ ನಡೆಯುತ್ತದೆ. ಆದರೆ ಟರ್ನೋವರ್ ಏರುತ್ತಿರುವಾಗಲೇ ಗಿರಾಕಿಗಳಿಗೆ ‘ಇಲ್ಲ’ ಎನ್ನುವುದೂ ಹೆಚ್ಚಿದರೆ, ಸ್ಟಾಕ್ ಸಾಲುತ್ತಿಲ್ಲ ಎಂದರ್ಥ. ಇಲ್ಲ ಎಂದ ಪದಾರ್ಥಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಬೇಗ ಗೊತ್ತಾಗುತ್ತದೆ.

ಯಂತ್ರಗಳ ಅಂಗಡಿಗೆ ವರ್ಷದ ಸರಾಸರಿಯೇ ಸಾಲದು. ವರ್ಷಕ್ಕೆ 36 ಪವರ್ ಟಿಲ್ಲರ್ ಮಾರುವವರ ಬಳಿ 12 ಇದ್ದರೆ, ಸೂತ್ರದ ಪ್ರಕಾರ 122 ದಿನದ ಸ್ಟಾಕ್. ಆದರೆ ಮಳೆ ಶುರುವಾದ ಜೂನ್, ಜುಲೈಯಲ್ಲೇ 20 ಹೋಗುವುದಾದರೆ, ಮೇ ಕೊನೆಗೆ ಇರುವ 12 ಸುಮಾರು 37 ದಿನಕ್ಕೇ ಖಾಲಿ. ಅದೇ 12 ಆಗಸ್ಟಿನಲ್ಲಿ ಉಳಿದಿದ್ದರೆ? ಮುಂದಿನ ಹತ್ತು ತಿಂಗಳಿಗೆ ಹೋಗುವುದು 16 ಮಾತ್ರ, ಆದ್ದರಿಂದ ಅವು ಏಳೂವರೆ ತಿಂಗಳು ಗೋಡೌನಿನಲ್ಲಿ ನಿಲ್ಲುತ್ತವೆ. ಸಾಲದ ಬಡ್ಡಿ ಅಷ್ಟೂ ದಿನ ಓಡುತ್ತದೆ. ಸೀಸನ್ ಇರುವ ಸರಕಿಗೆ ಹಿಂದಿನ ಮಾರಾಟದ ಬದಲು ಮುಂದೆ ಹೋಗಲಿರುವ ಲೆಕ್ಕದಿಂದ ಭಾಗಿಸಿ, ಹೊಸ ಆರ್ಡರ್ ಕೊಡುವ ಮುಂಚೆಯೇ.