ಬ್ರೇಕ್ ಪ್ಯಾಡ್ ಡಬ್ಬಿ ಫೋಟೊ ಹಾಕೋ ಮುಂಚೆ

ಬೆಳಗಾವಿ ಗ್ರೂಪಿನವರೇ, ಡಬ್ಬಿದೊಂದು ಫೋಟೊ ಹಾಕಿ ‘ಒರಿಜಿನಲ್ಲೋ ಡುಪ್ಲಿಕೇಟೋ’ ಅಂದ್ರ ಹೇಳಾಕ ಆಗಂಗಿಲ್ಲ. ಓರೆ ಮಾಡಿದಂಗ ಹೊಲೊಗ್ರಾಮಿನ ಚಿತ್ರ ಬದಲಾಗಬೇಕು. ಫ್ಲ್ಯಾಷ್ ಬಿದ್ರ ಬರೀ ಬೆಳ್ಳಿ ಸ್ಟಿಕ್ಕರೂ ಹಂಗ ಮಿಂಚತೈತಿ. ಫ್ಲ್ಯಾಷ್ ಆಫ್ ಮಾಡಿ, ಕಿಟಕಿ ಬೆಳಕಿನ್ಯಾಗ ಡಬ್ಬಿ ನಿಧಾನ ತಿರುಗಿಸ್ಕೋತ 10 ಸೆಕೆಂಡ್ ವಿಡಿಯೊ ಮಾಡ್ರಿ.

ಅಂಗಡಿಯಾಗ ಅದ ಪಾರ್ಟಿನ ಎರಡು ಡಬ್ಬಿ ಕೇಳಿ ಬಾಜೂಕ ಇಟ್ಟು ನೋಡ್ರಿ. ಪಾರ್ಟ್ ನಂಬರ್, ಬ್ಯಾಚ್ ಒಂದ ಇದ್ರ ತಪ್ಪಿಲ್ಲ. ಆದ್ರ ಪ್ರತಿ ಡಬ್ಬಿಗೂ ಬ್ಯಾರೆ ಇರಬೇಕಾದ ಸೀರಿಯಲ್ ಕೋಡ್ ಎರಡರಾಗೂ ಒಂದ ಇತ್ತಂದ್ರ, ಒಂದ ಲೇಬಲ್ ನಕಲು ಹೊಡೆದು ಅಂಟಿಸ್ಯಾರಂತ ತಿಳೀರಿ. ಕ್ಯೂಆರ್ ಸ್ಕ್ಯಾನ್ ಆಗಿ ಪೇಜ್ ತೆರೀತು ಅಂತ ನಂಬಬ್ಯಾಡ್ರಿ, ವೆಬ್ ವಿಳಾಸ ಕಂಪನೀದು ಹೌದೋ ನೋಡ್ರಿ.

ಖರೇ ಡಬ್ಬಿಯಾಗ ನಕಲಿ ಪ್ಯಾಡ್ ತುಂಬೋದೂ ಐತಿ. ಅದಕ್ಕ ಪ್ಯಾಡಿನ ಹಿಂದಿನ ಕಬ್ಬಿಣ ಪ್ಲೇಟಿನ ಫೋಟೊ ಹತ್ತಿರದಿಂದ, ಬೆಳಕು ಒಂದು ಬದಿಯಿಂದ ಬೀಳೋಹಂಗ ತೆಗೀರಿ. ಲೇಸರ್ ಕೋಡ್ ಪೇಂಟ್ ಕೊರೆದಿರತೈತಿ, ಥಿನ್ನರ್ ಬಟ್ಟೆಯಿಂದ ತಿಕ್ಕಿದ್ರೂ ಹೋಗಂಗಿಲ್ಲ. ಥಿನ್ನರ್ ಮಾತ್ರ ಡಿಸ್ಕಿಗೆ ತಾಗೋ ಮಗ್ಗಲಿಗೆ ಹತ್ತಬಾರದು. ಕೆಲವು ಒರಿಜಿನಲ್ ಪ್ಯಾಡಿಗೂ ಶಾಯಿ ಪ್ರಿಂಟ್ ಇರತೈತಿ, ಅಳಿಸಿತು ಅಂದಕೂಡ್ಲೆ ನಕಲಿ ಅನ್ನಾಕ ಬರಂಗಿಲ್ಲ. ಗಾಡಿಗೆ ಕಂಪನಿಯಿಂದ ಬಂದಿದ್ದ ಹಳೇ ಪ್ಯಾಡ್ ಇದ್ರ ಬಾಜೂಕ ಇಟ್ಟು ಫೋಟೊ ಹಾಕ್ರಿ.