‘ಅಬ್ರೇಸಿವ್’ ಅಂತ ಬರೆದು ಅಳಿಸಿದ ಮೇಲೆ

ನಮ್ಮ ಪೀರ್ ರಿವ್ಯೂ ಫಾರ್ಮಿನಲ್ಲಿ ಎರಡೇ ಪ್ರಶ್ನೆ. ಈ ಸಹೋದ್ಯೋಗಿ ಚೆನ್ನಾಗಿ ಮಾಡುತ್ತಿರುವುದು ಏನು? ಬೇರೆ ರೀತಿ ಮಾಡಬಹುದಾದದ್ದು ಏನು? ಮೊದಲನೆಯದನ್ನು ಐದು ನಿಮಿಷದಲ್ಲಿ ಬರೆದು ಮುಗಿಸಿದೆ. ಎರಡನೆಯದಕ್ಕೆ ‘ಅಬ್ರೇಸಿವ್’ ಅಂತ ಬರೆದೆ, ಅಳಿಸಿದೆ. ‘ಬ್ಲಂಟ್’ ಅಂತ ಬರೆದೆ, ಅದನ್ನೂ ಅಳಿಸಿದೆ. ‘ಕರ್ಟ್’ ಅಂತ ಬರೆದು ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಹೋದೆ.

ನಾನು ಬರೆಯುತ್ತಿದ್ದದ್ದು ನಮ್ಮ ಟೀಮಿನ ಸೀನಿಯರ್ ಇಂಜಿನಿಯರ್ ಒಬ್ಬರ ಬಗ್ಗೆ. ಧಾರವಾಡದ ಕಡೆಯವರು. ನಮ್ಮಲ್ಲಿ ಅವರಷ್ಟು ಸೂಕ್ಷ್ಮವಾಗಿ ಕೋಡ್ ಓದುವವರು ಯಾರೂ ಇರಲಿಲ್ಲ. ಆದರೆ ಅವರ ರಿವ್ಯೂ ಕಮೆಂಟ್ ಬಂದರೆ ಹೊಸ ಹುಡುಗರ ಮುಖ ಸಣ್ಣಗಾಗುತ್ತಿತ್ತು. ಇದನ್ನು ಅವರಿಗೆ ಹೇಳಬೇಕಿತ್ತು, ಅವರ ಮನಸ್ಸು ನೋಯಬಾರದಿತ್ತು. ಆ ಸಲ ಕೊನೆಗೆ ‘ವೆರಿ ಡೈರೆಕ್ಟ್’ ಅಂತ ಬರೆದು ಕಳಿಸಿದೆ. ಮೆತ್ತಗಿನ ಪದ, ಯಾರಿಗೂ ಚುಚ್ಚಲ್ಲ ಅಂದುಕೊಂಡೆ.

ಅದು ಚುಚ್ಚಲಿಲ್ಲ, ನಿಜ. ಮ್ಯಾನೇಜರ್ ಎಲ್ಲರ ಮಾತನ್ನೂ ಒಟ್ಟುಗೂಡಿಸುವಾಗ ಅದನ್ನು ಅವರ ಒಳ್ಳೆಯ ಗುಣಗಳ ಪಟ್ಟಿಗೆ ಸೇರಿಸಿಬಿಟ್ಟಿದ್ದರು. ಅದರಲ್ಲಿ ಮ್ಯಾನೇಜರ್ ತಪ್ಪೇನಿಲ್ಲ. ‘ನೇರ ನಡೆ ನುಡಿ’ ಅಂದರೆ ಕನ್ನಡದಲ್ಲೂ ಹೊಗಳಿಕೆಯೇ ಅಲ್ವಾ? ಮುಂದಿನ ಆರು ತಿಂಗಳು ಏನೂ ಬದಲಾಗಲಿಲ್ಲ. ಒಬ್ಬ ಹೊಸ ಹುಡುಗ ತನ್ನ ಕೋಡನ್ನು ಅವರಿಗೆ ರಿವ್ಯೂಗೆ ಕಳಿಸುವುದನ್ನೇ ನಿಲ್ಲಿಸಿದ. ಸುಲಭವಾಗಿ ‘ಅಪ್ರೂವ್ಡ್’ ಕೊಡುವ ಇನ್ನೊಬ್ಬರನ್ನು ಹುಡುಕಿಕೊಂಡ.

ಮುಂದಿನ ಪೀರ್ ರಿವ್ಯೂ ಬಂದಾಗ ನಾನು ಪದಕೋಶ ತೆಗೆಯಲಿಲ್ಲ. ಮೊದಲು ನನಗೆ ನಾನೇ ಕನ್ನಡದಲ್ಲಿ ಹೇಳಿಕೊಂಡು ನೋಡಿದೆ: ಇವರ ಮಾತಿನಲ್ಲಿ ನಿಜವಾಗಿ ಏನು ತೊಂದರೆ?

ಆಗ ಒಂದು ವಿಷಯ ಹೊಳೆಯಿತು. ಬ್ಲಂಟ್, ಕರ್ಟ್, ಅಬ್ರೇಸಿವ್ ಮೂರನ್ನೂ ನಾನು ಒಂದೇ ಚೀಲಕ್ಕೆ ಹಾಕಿಕೊಂಡಿದ್ದೆ. ಅವು ಹೇಳುವುದು ಮೂರು ಬೇರೆ ಬೇರೆ ಸಂಗತಿ. ಬ್ಲಂಟ್ ಅಂದರೆ ಕಡ್ಡಿ ಮುರಿದ ಹಾಗೆ ಮಾತಾಡುವುದು. ಅಲ್ಲಿ ವಿಷಯ ಪೂರ್ತಿ ಇರುತ್ತದೆ, ಸುತ್ತ ಹೊದಿಕೆ ಇರುವುದಿಲ್ಲ, ಅಷ್ಟೇ. ನಿಘಂಟಿನಲ್ಲಿ ‘ಮೊಂಡು’ ಅಂತ ಸಿಗುತ್ತದೆ, ಆದರೆ ಅದು ಚಾಕುವಿಗೆ ಸರಿ. ಮನುಷ್ಯರನ್ನು ಮೊಂಡು ಅಂದರೆ ಹಠಮಾರಿ ಅಂತಾಗುತ್ತದೆ, ಅದು ಬೇರೆಯೇ ದೂರು. ಕರ್ಟ್ ಅಂದರೆ ತುಂಡು ಮಾತು. ಅದರ ಲ್ಯಾಟಿನ್ ಬೇರಿನ ಅರ್ಥವೂ ಕತ್ತರಿಸಿ ಮೋಟು ಮಾಡಿದ್ದು ಅಂತಲೇ. ಅಲ್ಲಿ ತೊಂದರೆ ಉದ್ದದ್ದು: ಹೇಳಬೇಕಾದಷ್ಟು ಹೇಳಿರುವುದಿಲ್ಲ. ಅಬ್ರೇಸಿವ್ ಎಮರಿ ಪೇಪರಿನ ಪದ. ಉಜ್ಜಿ ಉಜ್ಜಿ ಕೇಳುವವರ ಚರ್ಮ ಸುಲಿಯುವುದು. ಅದು ಮಾತಿನ ಬಗ್ಗೆ ಹೇಳುವುದಕ್ಕಿಂತ ಜಾಸ್ತಿ, ಆ ಮನುಷ್ಯರ ಸ್ವಭಾವದ ಬಗ್ಗೆ ತೀರ್ಪು ಕೊಟ್ಟುಬಿಡುತ್ತದೆ.

ಯಾವುದಕ್ಕೆ ಮೆತ್ತಗಿನ ಪದ ಬೇಕು ಅನ್ನುವುದು ಗೊತ್ತಿಲ್ಲದೆ ಪದ ಹುಡುಕಿದರೆ ನನಗಾದ ಹಾಗೇ ಆಗುತ್ತದೆ. ಬ್ಲಂಟ್‌ಗೆ ಹೊಂದುವ ಪದವನ್ನು ತಂದು ಕರ್ಟ್ ಇರುವ ಜಾಗಕ್ಕೆ ಅಂಟಿಸುತ್ತೇವೆ.

ಹಾಗಾಗಿ ಒಂದು ಸಂಜೆ ಕೂತು ಅವರ ಹಿಂದಿನ ಮೂರು ತಿಂಗಳ ರಿವ್ಯೂ ಕಮೆಂಟ್‌ಗಳನ್ನು ಓದಿದೆ. ಸುಮಾರು ನಲವತ್ತು ಇದ್ದವು. ತಾಂತ್ರಿಕವಾಗಿ ತಪ್ಪು ಅನ್ನಬಹುದಾದದ್ದು ಒಂದೂ ಸಿಗಲಿಲ್ಲ. ಬೈಗುಳ ಇರಲಿಲ್ಲ, ಯಾರನ್ನೂ ಆಡಿಕೊಂಡಿರಲಿಲ್ಲ. ಆದರೆ ಹದಿನಾಲ್ಕು ಕಮೆಂಟ್ ಒಂದೆರಡು ಪದದವು. ‘ವೈ?’ ಅಂತ ಒಂದು. ‘ನೋ.’ ಅಂತ ಇನ್ನೊಂದು. ‘ರಿಮೂವ್ ದಿಸ್.’ ಅಂತ ನಾಲ್ಕು ಕಡೆ. ಒಂದು ಕಡೆ ಒಬ್ಬ ಹುಡುಗ ಲೂಪಿನ ಒಳಗೆ ಡೇಟಾಬೇಸ್ ಕಾಲ್ ಮಾಡಿದ್ದ. ಅದಕ್ಕೆ ಬಂದ ಉತ್ತರ ಬರೀ ‘ನೋ.’ ನೂರು ಸಾಲು ಡೇಟಾ ಇದ್ದರೆ ನೂರು ಸಲ ಡೇಟಾಬೇಸಿಗೆ ಹೋಗಿಬರಬೇಕಾಗುತ್ತದೆ ಅನ್ನುವ ಕಾರಣ ಅವರ ತಲೆಯಲ್ಲಿತ್ತು, ಪರದೆಯ ಮೇಲೆ ಇರಲಿಲ್ಲ. ಅವನು ಎರಡು ದಿನ ಬೇರೆ ಏನೇನೋ ಬದಲಿಸುತ್ತಾ ಕೂತಿದ್ದ.

ಉತ್ತರ ಅಲ್ಲೇ ಸಿಕ್ಕಿತು. ಇದು ಬ್ಲಂಟ್ ಅಲ್ಲ, ಅಬ್ರೇಸಿವ್ ಅಂತೂ ಅಲ್ಲವೇ ಅಲ್ಲ. ಇದು ಕರ್ಟ್. ಹೇಳಿದ್ದು ಜಾಸ್ತಿಯಾಗಿ ನೋವಾಗಿದ್ದಲ್ಲ, ಕಡಿಮೆಯಾಗಿ ನೋವಾಗಿದ್ದು.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ನಾನು ಮೈಸೂರಿನವನು. ಅವರು ಮಾತಾಡುವ ಕನ್ನಡ ನನ್ನ ಕಿವಿಗೆ ಮೊದಲಿನಿಂದಲೂ ಖಡಕ್ ಆಗಿ ಕೇಳುತ್ತಿತ್ತು. ‘ಅಬ್ರೇಸಿವ್’ ಅನ್ನುವ ಪದ ನನ್ನ ಬೆರಳಿಗೆ ಅಷ್ಟು ಬೇಗ ಬಂದದ್ದರಲ್ಲಿ ಆ ಕಿವಿಯ ಪಾಲೂ ಇತ್ತು. ಅವರು ಹೆಂಗಸು ಅನ್ನುವುದರ ಪಾಲೂ ಇದ್ದಿರಬೇಕು. 2014ರಲ್ಲಿ ಕೀರನ್ ಸ್ನೈಡರ್ ಎಂಬ ಭಾಷಾಶಾಸ್ತ್ರಜ್ಞೆ ಅಮೆರಿಕದ ‘ಫಾರ್ಚೂನ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದಿದ್ದರು. ಟೆಕ್ ಕಂಪನಿಗಳ 248 ಪರ್ಫಾರ್ಮೆನ್ಸ್ ರಿವ್ಯೂಗಳನ್ನು ಓದಿ ಲೆಕ್ಕ ಹಾಕಿದ್ದರು. ‘ಅಬ್ರೇಸಿವ್’ ಪದ 13 ಮಹಿಳೆಯರ ಬಗ್ಗೆ 17 ಸಲ ಬಂದಿತ್ತು. ಗಂಡಸರ ಬಗ್ಗೆ ಒಂದು ಸಲವೂ ಇರಲಿಲ್ಲ. ಅದನ್ನು ಓದಿದಂದಿನಿಂದ ನಾನು ಒಂದು ಪರೀಕ್ಷೆ ಮಾಡಿಕೊಳ್ಳುತ್ತೇನೆ. ಇದೇ ಕಮೆಂಟನ್ನು ನಮ್ಮ ಟೀಮಿನ ಗಂಡಸು ಸೀನಿಯರ್ ಬರೆದಿದ್ದರೆ ನಾನು ಯಾವ ಪದ ಬಳಸುತ್ತಿದ್ದೆ? ‘ಅವನಿಗೆ ಟೈಮ್ ಇಲ್ಲ ಪಾಪ’ ಅಂತಿದ್ದೆನಾ? ಹಾಗಾದರೆ ಇವರಿಗೂ ಅಷ್ಟೇ ಸಲ್ಲಬೇಕು.

ಕರ್ಟ್ ಅನ್ನುವುದು ಖಚಿತವಾದ ಮೇಲೆ ಅದರ ನೆಂಟರನ್ನು ಒಬ್ಬೊಬ್ಬರಾಗಿ ಕರೆದು ನೋಡಿದೆ. ‘ಕನ್ಸೈಸ್’ ಬೇಡ, ಅದು ಪೂರ್ತಿ ಹೊಗಳಿಕೆ, ಮತ್ತೆ ಒಳ್ಳೆಯ ಗುಣಗಳ ಪಟ್ಟಿಗೇ ಹೋಗುತ್ತದೆ. ‘ಬ್ರಿಸ್ಕ್’ ಅಂದರೆ ಚುರುಕು. ಮೀಟಿಂಗ್ ನಡೆಸುವ ರೀತಿಗೆ ಸರಿ, ಕಾರಣ ಕೊಡದ ಕಮೆಂಟಿಗೆ ಅಲ್ಲ. ‘ಬ್ರಸ್ಕ್’ ಅಂತ ಇನ್ನೊಂದಿದೆ. ಕೇಳುವುದಕ್ಕೆ ‘ಬ್ರಿಸ್ಕ್’ನ ತಮ್ಮನ ಹಾಗಿದ್ದರೂ ಅದು ಮೆತ್ತಗಿನ ಪದವೇ ಅಲ್ಲ. ತುಂಡು ಮಾತಿನ ಮೇಲೆ ಒರಟುತನವೂ ಸೇರಿದರೆ ಬ್ರಸ್ಕ್. ‘ಕ್ಲಿಪ್ಡ್’ ಹೊಂದುವುದು ದನಿಗೆ, ಫೋನಿನಲ್ಲಿ ಪದ ಕತ್ತರಿಸಿ ಮಾತಾಡುವವರಿಗೆ. ಉಳಿದದ್ದು ‘ಟರ್ಸ್’ ಮತ್ತು ‘ಬ್ರೀಫ್’. ಟರ್ಸ್‌ನಲ್ಲಿ ಮಾತು ಚಿಕ್ಕದು ಅನ್ನುವುದೂ ಇದೆ, ಸ್ವಲ್ಪ ಬಿಗುವಾಗಿದೆ ಅನ್ನುವುದೂ ಇದೆ. ಆದರೆ ಎದುರಿನವರಿಗೆ ಮರ್ಯಾದೆ ಇಲ್ಲ ಅನ್ನುವ ಆರೋಪ ಕರ್ಟ್‌ನಲ್ಲಿ ಇರುವಷ್ಟು ಇಲ್ಲ. ಬ್ರೀಫ್ ಅದಕ್ಕಿಂತಲೂ ತಣ್ಣಗಿನ ಪದ. ಅದನ್ನು ಒಂಟಿಯಾಗಿ ಬಿಟ್ಟರೆ ದೂರು ಅಂತಲೇ ಗೊತ್ತಾಗುವುದಿಲ್ಲ. ಯಾವುದಕ್ಕೆ ಸಾಲದಷ್ಟು ಬ್ರೀಫ್ ಅಂತ ಪಕ್ಕದಲ್ಲೇ ಹೇಳಬೇಕು.

ನಾನು ಬರೆದದ್ದು ಇಂಗ್ಲಿಷಿನಲ್ಲಿ. ಅದರ ಸಾರ ಇದು: “ಇವರ ಕಮೆಂಟ್‌ಗಳು ಯಾವಾಗಲೂ ಸರಿಯಾಗಿರುತ್ತವೆ. ಆದರೆ ಕೆಲವು ಸಲ ಟರ್ಸ್ ಆಗಿರುವುದರಿಂದ ಹೊಸಬರಿಗೆ ಕಾರಣ ತಿಳಿಯುವುದಿಲ್ಲ. ಲೂಪಿನೊಳಗಿನ ಡೇಟಾಬೇಸ್ ಕಾಲ್‌ಗೆ ಬಂದ ‘ನೋ’ ಎಂಬ ಕಮೆಂಟಿನ ಹಿಂದಿನ ಕಾರಣ ಗೊತ್ತಾಗದೆ ಎರಡು ದಿನ ಹೋಯಿತು. ಬೇಡ ಅನ್ನುವಾಗ ಯಾಕೆ ಅನ್ನುವುದಕ್ಕೆ ಒಂದು ಸಾಲು ಸೇರಿಸಿದರೆ ಸಾಕು.”

ಇಲ್ಲಿ ಟರ್ಸ್ ಆಗಿರುವುದು ಕಮೆಂಟ್, ಅವರಲ್ಲ. ‘ಶಿ ಈಸ್ ಟರ್ಸ್’ ಅಂತ ಬರೆದಿದ್ದರೆ ಇಷ್ಟು ಹುಡುಕಿದ ಪದವೂ ಒರಟಾಗಿಬಿಡುತ್ತಿತ್ತು. ‘ಕೆಲವು ಸಲ’ ಅನ್ನುವುದನ್ನು ಸುಮ್ನೆ ನಾಜೂಕಿಗೆ ಹಾಕಿದ್ದಲ್ಲ. ನಲವತ್ತರಲ್ಲಿ ಹದಿನಾಲ್ಕು ನಿಜವಾಗಿಯೂ ಕೆಲವು ಸಲವೇ. ಆದರೆ ‘ಸ್ವಲ್ಪ’, ‘ಬಹುಶಃ’, ‘ನನಗೆ ಅನ್ನಿಸಿದ ಹಾಗೆ’ ಅಂತ ಒಂದರ ಮೇಲೊಂದು ಹೊದಿಸಿದ್ದ ಮೊದಲ ಕರಡನ್ನು ಹರಿದು ಹಾಕಿದೆ. ಅಷ್ಟೊಂದು ಹತ್ತಿ ಸುತ್ತಿದರೆ ಒಳಗೆ ಏನೋ ದೊಡ್ಡದು ಮುಚ್ಚಿಟ್ಟಿದ್ದಾರೆ ಅಂತ ಓದುವವರು ಹೆದರುತ್ತಾರೆ.

ಅಬ್ರೇಸಿವ್‌ಗೆ ಮಾತ್ರ ನನಗೆ ಇವತ್ತಿಗೂ ಒಳ್ಳೆಯ ಮೆತ್ತಗಿನ ಪದ ಸಿಕ್ಕಿಲ್ಲ. ‘ಹಾರ್ಶ್’ ಅಷ್ಟೇ ಗಡುಸು. ‘ಅಸರ್ಟಿವ್’ ಅಂದರೆ ಬೇರೆ ಗುಣ. ‘ಶಾರ್ಪ್’ ಪರವಾಗಿಲ್ಲ, ಆದರೆ ಅದನ್ನು ಬುದ್ಧಿ ಚುರುಕು ಅಂತ ಓದಿಕೊಳ್ಳುವವರೂ ಇದ್ದಾರೆ. ‘ಇನ್ ಟೋನ್’ ಅಂತ ಜೊತೆಗಿದ್ದರೆ ಮಾತ್ರ ನಿಲ್ಲುತ್ತದೆ. ಅದಕ್ಕೇ ಅಲ್ಲಿ ಗುಣವಾಚಕವನ್ನೇ ಬಿಟ್ಟು ನಡೆದದ್ದನ್ನು ಬರೆಯುತ್ತೇನೆ. ಇನ್ನೊಂದು ಟೀಮಿನಲ್ಲಿ ಒಬ್ಬರು ಎಲ್ಲರೆದುರು ಒಬ್ಬ ಟೆಸ್ಟರ್‌ಗೆ ‘ನಿನಗೆ ಇಷ್ಟೂ ಗೊತ್ತಿಲ್ವಾ’ ಅಂತ ಕೇಳಿದ್ದರು, ಅದೂ ಎರಡು ಸಲ. ಅದನ್ನು ‘ಡೈರೆಕ್ಟ್’ ಅಂತಲೋ ‘ಕ್ಯಾಂಡಿಡ್’ ಅಂತಲೋ ಬರೆದರೆ ಆ ಟೆಸ್ಟರ್‌ಗೆ ಮಾಡುವ ಅನ್ಯಾಯ. ನಾನು ಆ ಮಾತನ್ನು ಹಾಗೇ ಉದ್ಧರಿಸಿ, ತಾರೀಖು ಹಾಕಿ, ಮ್ಯಾನೇಜರ್ ಹತ್ತಿರ ಕೂತು ಹೇಳಿದೆ. ಅದು ಪೀರ್ ರಿವ್ಯೂ ಬರುವ ತನಕ ಕಾಯುವ ವಿಷಯ ಆಗಿರಲಿಲ್ಲ.

ಧಾರವಾಡದ ಸೀನಿಯರ್ ನನ್ನ ಫೀಡ್‌ಬ್ಯಾಕ್ ಓದಿ ನೇರ ನನ್ನ ಡೆಸ್ಕಿಗೇ ಬಂದರು. ಡೇಟಾಬೇಸ್ ಕಾಲ್ ವಿಷಯ ನೋಡಿ ಬರೆದವರು ಯಾರು ಅಂತ ಅವರಿಗೆ ಗೊತ್ತಾಗಿತ್ತು. “ಟರ್ಸ್ ಅಂದ್ರೆ ಯಾವ ಕಮೆಂಟ್ರೀ? ತೋರಸ್ರಿ ನೋಡೂಣು” ಅಂದರು. ಹದಿನಾಲ್ಕನ್ನೂ ತೆರೆದು ತೋರಿಸಿದೆ. ನಿಂತಲ್ಲೇ ಎಲ್ಲವನ್ನೂ ಓದಿದರು. “ಇದು ನಂಗ ಗೊತ್ತಿತ್ತು, ಅವಂಗೂ ಗೊತ್ತಿರ್ತದ ಅಂತ ತಿಳಕೊಂಡಿದ್ದೆ” ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನ್ನ ಕರೀರಿ” ಅಂದರು.

ಆಮೇಲಿನ ವಾರ ಅದೇ ಹುಡುಗನ ಕೋಡಿಗೆ ಅವರ ಕಮೆಂಟ್ ಬಂತು. ಮತ್ತೆ ‘ನೋ’ ಅಂತಲೇ ಶುರುವಾಗಿತ್ತು. ಅದರ ಕೆಳಗೆ ಒಂದು ಸಾಲು ಇತ್ತು: ಈ ಫೈಲನ್ನು ಎರಡು ಕಡೆ ತೆರೆಯುತ್ತಿದ್ದೀರಿ, ಒಂದು ಕಡೆ ಮುಚ್ಚಿಲ್ಲ.